ಬೇಕ್ ಸೇಲ್‌ಗೆ ನಾನ್‌ಖಟಾಯಿ ಲೆಕ್ಕ

ಕಾಲೇಜು ಸಂಘದ ಬೇಕ್ ಸೇಲ್‌ನಲ್ಲಿ ಕ್ರೀಂ ಕೇಕ್ ನೋಡಲು ಚೆಂದ. ಸಿಟಿ ಬಸ್ಸಿನಲ್ಲಿ ಬರುವಷ್ಟರಲ್ಲಿ ಆ ಚೆಂದವೆಲ್ಲ ಡಬ್ಬಿಯ ಮುಚ್ಚಳಕ್ಕೆ ಮೆತ್ತಿರುತ್ತದೆ. ಕುಲುಕಾಟ, ಬಿಸಿಲು ಎರಡನ್ನೂ ತಾಳುವುದು ನಾನ್‌ಖಟಾಯಿ. ಪೂರ್ತಿ ಆರುವ ಮೊದಲೇ ಡಬ್ಬಿ ಮುಚ್ಚಿದರೆ ಮಾತ್ರ ಒಳಗಿನ ಹಬೆಗೆ ಮೆತ್ತಗಾಗುತ್ತದೆ.

ಒಂದು ಕಿಲೋ ಮೈದಾಕ್ಕೆ ಅರ್ಧ ಕಿಲೋ ವನಸ್ಪತಿ, ಅರ್ಧ ಕಿಲೋ ಸಕ್ಕರೆ ಪುಡಿ ಕಲಸಿ 25 ಗ್ರಾಂ ಉಂಡೆ ಮಾಡಿದರೆ 80 ಆಗುತ್ತವೆ. ಸಾಮಾನು, ಕರೆಂಟು, ಪೊಟ್ಟಣ ಎಲ್ಲ ಸೇರಿ 240 ರೂಪಾಯಿ ಎಂದಿಟ್ಟುಕೊಳ್ಳಿ. ಒಂದಕ್ಕೆ 3 ರೂಪಾಯಿ ಬಿತ್ತು. ಜೋಡಿಗೆ 10 ರೂಪಾಯಿ ಇಟ್ಟರೆ ಚಿಲ್ಲರೆ ರಗಳೆಯಿಲ್ಲ. 24 ಜೋಡಿ ಹೋದರೆ ಅಸಲು ಬಂತು, ಉಳಿದ 16 ಜೋಡಿ ಲಾಭ.

ಹಿಂದಿನ ದಿನವೇ ತರಗತಿಗಳಲ್ಲಿ ಬೇಕಾದವರ ಹೆಸರು ಬರೆಸಿಕೊಂಡು, ಅದಕ್ಕಿಂತ ತುಸು ಹೆಚ್ಚು ಬೇಯಿಸಿದರೆ ಸಾಕು. ಮುರಿದವು ರುಚಿ ನೋಡುವವರಿಗೆ. ಸಂಜೆ ಅರ್ಧ ಬೆಲೆಗೆ ಕೊಡುವುದು ಅಸಲಿಗೇ ಕತ್ತರಿ. ಬಿಗಿ ಡಬ್ಬಿಯಲ್ಲಿಟ್ಟು ಮರುದಿನ ಅದೇ ಬೆಲೆಗೆ ಮಾರುವುದೇ ಲೇಸು.