ರಾತ್ರಿ ಪಾಳಿ, ಗರಡಿಮನೆ ಮತ್ತು ಕ್ರಿಯೇಟಿನ್ ಪುಡಿ

ರೋಣ, ನರಗುಂದ, ಗಜೇಂದ್ರಗಡ ಭಾಗದ ತರುಣರಲ್ಲಿ ರಾತ್ರಿ ಪಾಳಿಯ ದುಡಿಮೆಯನ್ನೋ ಪರೀಕ್ಷೆಯ ಓದನ್ನೋ ಮುಗಿಸಿ, ನೇರವಾಗಿ ಗರಡಿಮನೆಗೆ ಅಥವಾ ಜಿಮ್ಮಿಗೆ ಹೋಗುವವರಿದ್ದಾರೆ. ನಿದ್ರೆ ಕೆಟ್ಟರೂ ಕ್ರಿಯೇಟಿನ್ ಶಕ್ತಿ ಕೊಡುವುದೇ, ಅದು ಮಾಂಸದಿಂದ ಮಾಡಿದ್ದೇ ಎಂದು ಅವರು ನಮ್ಮನ್ನು ಕೇಳುವುದುಂಟು.

ಕ್ರಿಯೇಟಿನ್ ನಮ್ಮ ದೇಹದಲ್ಲಿಯೇ ದಿನಕ್ಕೆ ಸುಮಾರು 1 ಗ್ರಾಂನಷ್ಟು ತಯಾರಾಗುತ್ತದೆ. ಸ್ನಾಯು ಮತ್ತು ಮೆದುಳಿಗೆ ತಟ್ಟನೆ ಶಕ್ತಿ ಬೇಕಾದಾಗ ಅದು ನೆರವಾಗುತ್ತದೆ. ಆಹಾರದಲ್ಲಿ ಅದು ಮುಖ್ಯವಾಗಿ ಮಾಂಸ, ಮೀನುಗಳಲ್ಲಿರುವುದರಿಂದ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ಸಂಗ್ರಹ ಕಡಿಮೆ. ಅಂಗಡಿಯ ಪುಡಿಯನ್ನು ಸಾಮಾನ್ಯವಾಗಿ ರಾಸಾಯನಿಕವಾಗಿ ತಯಾರಿಸುತ್ತಾರೆ. ಅದು ಮಾಂಸದಿಂದ ತೆಗೆದುದಲ್ಲ. ಆದರೆ ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಜನ್ಯ ಜೆಲಾಟಿನ್ ಆಗಿರಬಹುದು. ಆದ್ದರಿಂದ ಡಬ್ಬಿಯ ಮೇಲಿನ ಹಸಿರು ಗುರುತನ್ನು ನೋಡಬೇಕು.

2024ರಲ್ಲಿ ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದವರು 15 ಜನರನ್ನು ರಾತ್ರಿಯಿಡೀ ಎಚ್ಚರವಾಗಿರಿಸಿ, ದೇಹತೂಕದ ಕಿಲೋಗೆ 0.35 ಗ್ರಾಂ ಕ್ರಿಯೇಟಿನ್ನನ್ನು ಒಮ್ಮೆಗೇ ಕೊಟ್ಟರು. ಸುಮಾರು ಮೂರು ಗಂಟೆಗಳ ನಂತರ ಅವರ ನೆನಪು ಮತ್ತು ಯೋಚನೆಯ ವೇಗ ಕೊಂಚ ಸುಧಾರಿಸಿತು. ಇದು ಒಂದು ರಾತ್ರಿಯ ಸಣ್ಣ ಪ್ರಯೋಗ. ಮನೆಯಲ್ಲಿ ಇಷ್ಟು ಪ್ರಮಾಣ ಬೇಡ, ಮೂತ್ರಪಿಂಡಕ್ಕೆ ಹೊರೆಯಾದೀತು ಎಂದು ಸಂಶೋಧಕರೇ ಎಚ್ಚರಿಸಿದ್ದಾರೆ.

ಗಜೇಂದ್ರಗಡದ ಗುಡ್ಡದ ಗಾಳಿಯಂತ್ರಗಳ ಬಳಿ ರಾತ್ರಿ ಕಾವಲು ಮಾಡುತ್ತ, ಪೊಲೀಸ್ ನೇಮಕಾತಿಗೆ ತಯಾರಾಗುತ್ತಿದ್ದ 60 ಕಿಲೋ ತೂಕದ ತರುಣನೊಬ್ಬ ಈ ಲೆಕ್ಕದಂತೆಯೇ ದಿನವೂ 21 ಗ್ರಾಂ ಸೇವಿಸುತ್ತಿದ್ದ. ಸಾಮಾನ್ಯ ಪ್ರಮಾಣ ದಿನಕ್ಕೆ 3ರಿಂದ 5 ಗ್ರಾಂ ಮಾತ್ರ. ಅವನಿಗೆ ಭೇದಿಯಾಯಿತು, ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ 1.4 ಬಂದು ಮನೆಯವರು ಗಾಬರಿಯಾದರು. ಕ್ರಿಯೇಟಿನ್ ಒಡೆದು ಆಗುವುದೇ ಕ್ರಿಯಾಟಿನಿನ್. ಆದ್ದರಿಂದ ಪುಡಿ ತಿನ್ನುವವರಲ್ಲಿ ಮೂತ್ರಪಿಂಡ ಸರಿಯಿದ್ದರೂ ಈ ಅಂಕಿ ಏರಬಹುದು. ಹಿಂದಿನ ದಿನದ ಭಾರೀ ವ್ಯಾಯಾಮವೂ ಅದನ್ನು ಏರಿಸುತ್ತದೆ. ಹಾಗೆಂದು ಅಲಕ್ಷಿಸಲಾಗದು. ಪುಡಿಯನ್ನು ನಿಲ್ಲಿಸಿ, ಮೂರು ವಾರಗಳ ನಂತರ, ಎರಡು ದಿನ ವ್ಯಾಯಾಮ ಬಿಟ್ಟು ಮರುಪರೀಕ್ಷೆ ಮಾಡಿಸಿದೆವು. ಅಂಕಿ 1.0ಕ್ಕೆ ಇಳಿದಿತ್ತು, ಮೂತ್ರದಲ್ಲಿ ಅಲ್ಬುಮಿನ್ ಇರಲಿಲ್ಲ. ಇಳಿಯದಿದ್ದರೆ ಮೂತ್ರಪಿಂಡ ತಜ್ಞರಲ್ಲಿಗೆ ಕಳುಹಿಸುತ್ತಿದ್ದೆವು.

ದಿನಕ್ಕೆ 3 ಗ್ರಾಂ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿದರೆ ಸುಮಾರು ನಾಲ್ಕು ವಾರಗಳಲ್ಲಿ ಸ್ನಾಯುಗಳ ಸಂಗ್ರಹ ತುಂಬುತ್ತದೆ. ಆಗ ಏರುವ ಒಂದು ಕಿಲೋ ತೂಕ ಹೆಚ್ಚಾಗಿ ನೀರಿನದು. ಮೂತ್ರಪಿಂಡದ ತೊಂದರೆಯುಳ್ಳವರು ಮತ್ತು 18 ತುಂಬದವರು ಇದನ್ನು ಸೇವಿಸಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು.

ಆದರೆ ಈ ಪುಡಿ ತೂಕಡಿಕೆಯನ್ನು ತಡೆಯದು. ರೂಢಿಯಿಲ್ಲದೆ ರಾತ್ರಿ ಎಚ್ಚರವಿದ್ದವನು, ಎಚ್ಚರವಿದ್ದ ಕಾಲದ ಅರ್ಧದಷ್ಟು ಹೊತ್ತು ಮುಂಜಾನೆ ಉಣ್ಣುವ ಮೊದಲೇ ಮಲಗಬೇಕೆಂದು ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ಹೇಳಿದ್ದಾರೆ. ಆ ತರುಣನಿಗೂ ನಾವು ಅದನ್ನೇ ಹೇಳಿದೆವು: ಪಾಳಿ ಮುಗಿದೊಡನೆ ಕತ್ತಲೆಯ ಕೋಣೆಯಲ್ಲಿ ನಿದ್ರೆ, ಸಂಜೆ ವ್ಯಾಯಾಮ. ಕಣ್ಣು ಎಳೆಯುತ್ತಿರುವಾಗ ಭಾರ ಎತ್ತುವುದೂ ಬೈಕ್ ಓಡಿಸುವುದೂ ಕ್ರಿಯೇಟಿನ್ ತಿಂದವನಿಗೂ ಅಷ್ಟೇ ಅಪಾಯಕರ.