ಅಡ್ವಾನ್ಸ್ ಯಾವಾಗ ವಾಪಸ್, ಯಾವಾಗ ಇಲ್ಲ?

ಮದುವೆ ಸೀರೆಗೆ ಆರಿ ವರ್ಕಿನ ಬ್ಲೌಸ್ ಹೊಲಿಯಲು ಕೊಟ್ಟರೆ ಈಗ ಬಹಳಷ್ಟು ಅಂಗಡಿಗಳು ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸುತ್ತವೆ. ‘ಅಡ್ವಾನ್ಸ್ ವಾಪಸ್ ಕೊಡುವುದಿಲ್ಲ’ ಎಂಬ ಒಂದೇ ಸಾಲಿದ್ದರೆ ಜಗಳಕ್ಕೆ ಅಲ್ಲೇ ದಾರಿ. ಒಳ್ಳೆಯ ಸಂದೇಶ ಹೀಗಿರುತ್ತದೆ:

‘ನಮಸ್ಕಾರ ಮೇಡಂ. ನಿಮ್ಮ ಬ್ಲೌಸಿಗೆ ಒಟ್ಟು 4,500 ರೂಪಾಯಿ: ಆರಿ ವರ್ಕ್ 3,000, ಹೊಲಿಗೆ 1,000, ಲೈನಿಂಗ್ ಮತ್ತು ಮಣಿ–ಜರಿ 500. ಅಡ್ವಾನ್ಸ್ 2,500. ಸಾಮಾನು ತರುವ ಮೊದಲು ಬೇಡವೆಂದರೆ ಪೂರ್ತಿ ಹಣ ವಾಪಸ್. ಆಮೇಲೆ ಸಾಮಾನಿನ ಹಣ, ಅಷ್ಟರವರೆಗೆ ಆದ ಕೆಲಸದ ಕೂಲಿ ಮುರಿದುಕೊಂಡು ಉಳಿದದ್ದು ಕೊಡುತ್ತೇವೆ. ತಪ್ಪು ನಮ್ಮದಾದರೆ ಸರಿಮಾಡಿ ಕೊಡುತ್ತೇವೆ, ಆಗದಿದ್ದರೆ ಹಣ ವಾಪಸ್.’

ಅಡ್ವಾನ್ಸ್ ಯಾಕೆ ಕೇಳುತ್ತಾರೆ ಎಂಬುದು ಕೆಲಸದ ಕ್ರಮ ನೋಡಿದರೆ ತಿಳಿಯುತ್ತದೆ. ಮೊದಲು ಬಟ್ಟೆಯ ಮೇಲೆ ನಿಮ್ಮ ಕುತ್ತಿಗೆಯ ಆಳ, ತೋಳಿನ ಉದ್ದ ಗುರುತು ಹಾಕಿ, ಅದಕ್ಕೆ ಸರಿಯಾಗಿ ಡಿಸೈನ್ ಇಳಿಸುತ್ತಾರೆ. ಬಟ್ಟೆಯನ್ನು ಫ್ರೇಮಿಗೆ ಬಿಗಿದು ಕೊಕ್ಕೆ ಸೂಜಿಯಿಂದ ಜರಿ, ಮಣಿ ಕೂರಿಸುತ್ತಾರೆ. ಕತ್ತರಿ ಬೀಳುವುದು ವರ್ಕ್ ಮುಗಿದ ಮೇಲೆ. ಅಷ್ಟು ಹೊತ್ತಿಗೆ ಆ ಬಟ್ಟೆ ನಿಮ್ಮ ಅಳತೆಗೇ ಕಟ್ಟುಬಿದ್ದಿರುತ್ತದೆ. ರೆಡಿಮೇಡ್ ಆಗಿದ್ದರೆ ಮತ್ತೆ ಹ್ಯಾಂಗರಿಗೆ ಹಾಕಿ ಇನ್ನೊಬ್ಬರಿಗೆ ಮಾರಬಹುದಿತ್ತು. ಇಲ್ಲಿ ಅದು ಆಗದು. ಕೆಲಸಗಾರರ ಕೂಲಿಯನ್ನಂತೂ ಅಂಗಡಿ ಕೊಡಲೇಬೇಕು.

ಈ ಲೆಕ್ಕದಲ್ಲೇ ಒಂದು ಉದಾಹರಣೆ ನೋಡೋಣ. ಅರ್ಧ ವರ್ಕ್ ಆದ ಮೇಲೆ ಗ್ರಾಹಕರು ಬೇಡವೆಂದರು. ಸಾಮಾನಿಗೆ 500, ಅರ್ಧ ವರ್ಕಿಗೆ 1,500, ಒಟ್ಟು 2,000 ಹೋಯಿತು. ಅಡ್ವಾನ್ಸಿನಲ್ಲಿ 500 ರೂಪಾಯಿ ಅವರಿಗೆ ಮರಳಬೇಕು, ಜೊತೆಗೆ ಅವರ ಬಟ್ಟೆಯೂ. ಫ್ರೇಮಿನ ಮೇಲಿನ ಬಟ್ಟೆಯ ಫೋಟೊ ತರಿಸಿಕೊಂಡರೆ ಕೆಲಸ ನಿಜಕ್ಕೂ ಎಷ್ಟಾಗಿದೆ ಎಂಬ ವಾದವೇ ಏಳುವುದಿಲ್ಲ.

ಆದರೆ ‘ವಾಪಸ್ ಇಲ್ಲ’ ಎಂಬ ಮಾತು ಗ್ರಾಹಕರು ಮನಸ್ಸು ಬದಲಿಸಿದಾಗ ಮಾತ್ರ ನ್ಯಾಯ. ಕೊಟ್ಟ ಅಳತೆಗೆ ಹೊಲಿಯದಿದ್ದರೆ, ಬಟ್ಟೆ ಹಾಳಾದರೆ, ಮುಹೂರ್ತ ಕಳೆದ ಮೇಲೆ ಬ್ಲೌಸ್ ಕೈಗೆ ಬಂದರೆ ಆ ಸಾಲಿನ ಹಿಂದೆ ಅಂಗಡಿ ಅಡಗಿಕೊಳ್ಳುವಂತಿಲ್ಲ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಸೇವೆಯಲ್ಲಿ ಲೋಪವಿದ್ದೂ ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಣ ಹಿಂದಿರುಗಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ.

ಬಿಗಿಯಾದ ಬ್ಲೌಸೆಲ್ಲ ದರ್ಜಿಯ ತಪ್ಪಲ್ಲ. ಅಳತೆ ಕೊಟ್ಟ ಮೇಲೆ ಮೈ ತುಂಬಿಕೊಂಡಿದ್ದರೆ ಒಳಗೆ ಬಿಟ್ಟ ಮಾರ್ಜಿನ್ ಬಿಚ್ಚಿ ಸಡಿಲಿಸಬಹುದು, ಮಾರ್ಜಿನ್ ಇರುವಷ್ಟೇ. ಆದ್ದರಿಂದ ಬರೆದುಕೊಂಡ ಅಳತೆ ಚೀಟಿಯ ಫೋಟೊ ಇಬ್ಬರ ಬಳಿಯೂ ಇರಲಿ. ತಪ್ಪು ಯಾರದೆಂದು ಹೇಳುವುದು ಅದೇ.

ಹಣ ಹಾಕುವ ಮುನ್ನ ಸಂದೇಶದಲ್ಲಿ ಇಲ್ಲದ್ದನ್ನು ಕೇಳಿ ಬರೆಸಿಕೊಳ್ಳಿ: ಟ್ರಯಲ್ ಯಾವತ್ತು, ಕೊಡುವ ದಿನ ಯಾವುದು, ಆಲ್ಟರೇಷನ್ ಎಷ್ಟು ದಿನದವರೆಗೆ ಉಚಿತ. ಮಾತು ಮುರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಬಿಲ್ ಜೊತೆಗೆ ಆ ಸಂದೇಶವೂ ಅಲ್ಲಿ ಸಾಕ್ಷಿಗೆ ಬರುತ್ತದೆ, ಅಳಿಸಬೇಡಿ.