ಜರ್ಮನಿಯ ಗ್ರಾಹಕರಿಗೆ ಮೊದಲ ಇಮೇಲ್: ಸಂಬೋಧನೆ ಮತ್ತು ಮೊದಲ ಸಾಲು

ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಪ್ರತಿ ವರ್ಷ ದೊಡ್ಡ ಆಟಿಕೆ ಮೇಳ ನಡೆಯುತ್ತದೆ. ಚನ್ನಪಟ್ಟಣದ ಒಂದು ಬೊಂಬೆ ಘಟಕದವರು ಅಲ್ಲಿ ಮಳಿಗೆ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. ಆಟಿಕೆ ಅಂಗಡಿಗಳಿಗೆ ಸರಕು ಕೊಳ್ಳುವ ಒಬ್ಬ ಮಹಿಳೆ ಬಂದು, ಅರಗಿನ ಬಣ್ಣದ ಗಿಲಕಿಯನ್ನು ಕೈಗೆತ್ತಿಕೊಂಡು ನೋಡಿ, ‘ಮೂರು ವರ್ಷದೊಳಗಿನ ಮಕ್ಕಳಿಗೆ ಇದನ್ನು ಕೊಡಬಹುದೇ?’ ಎಂದು ಕೇಳಿದರು. ವಿವರ ಇಮೇಲ್ ಮಾಡಿ ಎಂದು ಹೇಳಿ, ವಿಸಿಟಿಂಗ್ ಕಾರ್ಡ್ ಕೊಟ್ಟು ಹೋದರು. ಕಾರ್ಡಿನ ಮೇಲೆ ಆಂಡ್ರಿಯಾ ವೇಬರ್ ಎಂದಿದೆ. ಊರಿಗೆ ಮರಳಿದ ಮೇಲೆ ಅವರಿಗೆ ಬರೆಯುವ ಮೊದಲ ಇಮೇಲ್ ಹೇಗೆ ಶುರುವಾಗಬೇಕು?

ನಮ್ಮಲ್ಲಿ ಕೈ ತಾನಾಗಿ ಟೈಪ್ ಮಾಡುವುದು ‘ರೆಸ್ಪೆಕ್ಟೆಡ್ ಸರ್/ಮೇಡಂ’ ಎಂದು. ಶಾಲೆಯಲ್ಲಿ ರಜಾ ಅರ್ಜಿ ಬರೆದಾಗಿನಿಂದ ಬಂದ ರೂಢಿ ಅದು. ಅದರಲ್ಲಿ ಗೌರವವೇನೋ ಇದೆ. ಆದರೆ ಕಾರ್ಡ್ ಕೊಟ್ಟು ಹೋದವರಿಗೆ ಅದು ನೂರಾರು ಜನಕ್ಕೆ ಒಟ್ಟಿಗೆ ಕಳಿಸಿದ ಪತ್ರದಂತೆ ಕಾಣುತ್ತದೆ. ಹೆಸರು ಗೊತ್ತಿದ್ದೂ ‘ಸರ್/ಮೇಡಂ’ ಎಂದರೆ ಕಾರ್ಡನ್ನು ನೋಡಿಯೇ ಇಲ್ಲ ಎಂದಂತೆ. ಜರ್ಮನಿಯಲ್ಲಿ ವ್ಯವಹಾರದ ಮೊದಲ ಪತ್ರಕ್ಕೆ ಮನೆತನದ ಹೆಸರೇ ಸರಿ. ಆದ್ದರಿಂದ ಹೀಗೆ ಬರೆಯಿರಿ:

```
Dear Ms. Weber,
```

ಇಲ್ಲಿ ‘ಮಿಸೆಸ್’ ಅಥವಾ ‘ಮಿಸ್’ ಬೇಡ, ಅವರಿಗೆ ಮದುವೆಯಾಗಿದೆಯೋ ಇಲ್ಲವೋ ಎಂಬುದು ವ್ಯಾಪಾರಕ್ಕೆ ಸಂಬಂಧಿಸಿದ್ದಲ್ಲ. ಕಾರ್ಡಿನಲ್ಲಿ ‘ಡಾ.’ ಇದ್ದರೆ ಮಾತ್ರ ಅದನ್ನು ಬಿಡಬೇಡಿ, ಜರ್ಮನರು ಆ ಪದವಿಯನ್ನು ಹೆಸರಿನೊಂದಿಗೇ ಬಳಸುತ್ತಾರೆ. ಮುಖತಃ ಭೇಟಿಯಾಗದೆ ಹೆಸರಷ್ಟೇ ಸಿಕ್ಕಿದ್ದರೆ ಇನ್ನೊಂದು ತೊಡಕಿದೆ. ಆಂಡ್ರಿಯಾ ಎಂಬುದು ಜರ್ಮನಿಯಲ್ಲಿ ಸಾಮಾನ್ಯವಾಗಿ ಹೆಣ್ಣಿನ ಹೆಸರು, ಇಟಲಿಯಲ್ಲಿ ಗಂಡಿನದು. ಖಚಿತವಿಲ್ಲದಾಗ ‘ಡಿಯರ್ ಆಂಡ್ರಿಯಾ ವೇಬರ್’ ಎಂದು ಪೂರ್ತಿ ಹೆಸರು ಬರೆದರೆ ಯಾರಿಗೂ ಮುಜುಗರವಿಲ್ಲ.

ಜರ್ಮನ್ ಭಾಷೆಯಲ್ಲೇ ಸಂಬೋಧಿಸಿದರೆ ಇನ್ನೂ ಚೆನ್ನವೇ? ಮುಂದಿನ ಪತ್ರವೆಲ್ಲ ಜರ್ಮನ್‌ನಲ್ಲೇ ಇದ್ದರೆ ಸರಿ. ಸಂಬೋಧನೆಯೊಂದು ಜರ್ಮನ್, ಉಳಿದದ್ದು ಇಂಗ್ಲಿಷ್ ಆದರೆ, ಉತ್ತರ ಜರ್ಮನ್‌ನಲ್ಲಿ ಬಂದು ನೀವೇ ಪೇಚಿಗೆ ಸಿಲುಕಬಹುದು. ಇಂಗ್ಲಿಷ್‌ನಲ್ಲಿ ಶುರು ಮಾಡಿ ಇಂಗ್ಲಿಷ್‌ನಲ್ಲೇ ಮುಗಿಸುವುದು ವಾಸಿ.

ಸಂಬೋಧನೆಗಿಂತ ಹೆಚ್ಚು ಜನ ಎಡವುವುದು ಅದರ ಕೆಳಗಿನ ಸಾಲಿನಲ್ಲಿ. ಇನ್‌ಬಾಕ್ಸಿನಲ್ಲಿ ಇಮೇಲ್ ತೆರೆಯುವ ಮೊದಲೇ ಕಳಿಸಿದವರ ಹೆಸರು, ವಿಷಯ, ಅದರ ಪಕ್ಕಕ್ಕೋ ಕೆಳಗೋ ಪತ್ರದ ಮೊದಲ ಕೆಲವು ಪದಗಳು ಕಾಣುತ್ತವೆ. ಆ ಜಾಗವನ್ನು ‘ತಾವು ಕ್ಷೇಮವೆಂದು ಭಾವಿಸುತ್ತೇನೆ’ ಎಂಬುದರ ಇಂಗ್ಲಿಷ್ ರೂಪವೇ ತುಂಬಿಬಿಟ್ಟರೆ, ಮೇಳದಿಂದ ಮರಳಿ ರಾಶಿ ಇಮೇಲ್‌ಗಳ ಮುಂದೆ ಕೂತ ವೇಬರ್ ಅವರಿಗೆ ನೀವು ಯಾರೆಂದು ತಿಳಿಯುವುದೇ ಇಲ್ಲ. ‘ನಮ್ಮದು ಹೆಸರಾಂತ ಸಂಸ್ಥೆ’ ಎಂಬ ಆರಂಭವೂ ಅಷ್ಟೇ, ಅದು ನಿಮ್ಮ ಬಗ್ಗೆ ಇದೆ, ಅವರ ಬಗ್ಗೆ ಇಲ್ಲ.

ಅವರಾಡಿದ ಮಾತಿನಿಂದಲೇ ಶುರು ಮಾಡಿ. ‘ನ್ಯೂರೆಂಬರ್ಗ್‌ನಲ್ಲಿ ಗುರುವಾರ ನಮ್ಮ ಮಳಿಗೆಗೆ ಬಂದು, ಚನ್ನಪಟ್ಟಣದ ಗಿಲಕಿ ಮೂರು ವರ್ಷದೊಳಗಿನವರಿಗೆ ಆಗುತ್ತದೆಯೇ ಎಂದು ಕೇಳಿದ್ದಿರಿ, ಧನ್ಯವಾದಗಳು.’ ಇದೇ ಅರ್ಥದ ಒಂದು ಸರಳ ಇಂಗ್ಲಿಷ್ ವಾಕ್ಯ ಸಾಕು. ಎಲ್ಲಿ ಭೇಟಿ, ಯಾವ ಸರಕು, ಯಾಕೆ ಬರೆಯುತ್ತಿದ್ದೀರಿ, ಮೂರೂ ಅದರಲ್ಲಿವೆ. ಎರಡನೇ ವಾಕ್ಯದಲ್ಲಿ ನೇರವಾಗಿ ಉತ್ತರಕ್ಕೆ ಬನ್ನಿ: ಯೂರೋಪಿನ ಆಟಿಕೆ ಸುರಕ್ಷತೆಯ ಮಾನದಂಡವಾದ ಇಎನ್ 71ರ ಪರೀಕ್ಷಾ ವರದಿ ನಿಮ್ಮಲ್ಲಿದ್ದರೆ ಲಗತ್ತಿಸಿದ್ದೇವೆ ಎನ್ನಿ, ಇಲ್ಲದಿದ್ದರೆ ಇಲ್ಲವೆನ್ನಿ.

ಭೇಟಿಯನ್ನು ನೆನಪಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ಜರ್ಮನಿಯ ಅನುಚಿತ ಸ್ಪರ್ಧೆ ತಡೆ ಕಾನೂನಿನ ಪ್ರಕಾರ, ಮುಂಚಿತವಾಗಿ ಸ್ಪಷ್ಟ ಒಪ್ಪಿಗೆ ಇಲ್ಲದವರಿಗೆ ಜಾಹೀರಾತಿನ ಇಮೇಲ್ ಕಳಿಸುವುದು ಕಿರುಕುಳ. ಪಡೆಯುವವರು ಕಂಪನಿಯಾದರೂ ಈ ನಿಯಮ ತಪ್ಪದು. ಜಾಲತಾಣದಿಂದ ವಿಳಾಸ ಹೆಕ್ಕಿ ಬರೆಯುವವರನ್ನು ಎಷ್ಟು ಸೊಗಸಾದ ಸಂಬೋಧನೆಯೂ ಕಾಪಾಡದು. ವಿವರ ಕಳಿಸಿ ಎಂದು ಅವರೇ ಹೇಳಿದ್ದರಿಂದ ನೀವು ಬರೆಯುತ್ತಿದ್ದೀರಿ ಎಂಬುದು ಮೊದಲ ಸಾಲಿನಲ್ಲೇ ಗೊತ್ತಾಗಲಿ.

ನಿಮ್ಮನ್ನು ಏನೆಂದು ಕರೆಯಬೇಕೆಂಬ ಗೊಂದಲ ಅವರಿಗೂ ಇರುತ್ತದೆ. ಕೆಳಗೆ ‘ಮಂಜುನಾಥ ಸಿ.ಕೆ.’ ಎಂದು ಸಹಿ ಹಾಕಿದರೆ, ಕೊನೆಯಲ್ಲಿರುವುದೇ ಮನೆತನದ ಹೆಸರೆಂದುಕೊಂಡು ‘ಡಿಯರ್ ಮಿಸ್ಟರ್ ಸಿ.ಕೆ.’ ಎಂದು ಉತ್ತರ ಬಂದೀತು. ಸಹಿಯಲ್ಲಿ ‘ಮಿಸ್ಟರ್ ಮಂಜುನಾಥ’ ಎಂದೇ ಬರೆದರೆ ಅವರಿಗೆ ದಾರಿ ಸುಲಭ. ಅವರ ಉತ್ತರ ಬಂದಾಗ ಅದರ ಸಹಿಯನ್ನೂ ಗಮನಿಸಿ. ಬರೀ ‘ಆಂಡ್ರಿಯಾ’ ಎಂದಿದ್ದರೆ ಎರಡನೇ ಪತ್ರವನ್ನು ‘ಡಿಯರ್ ಆಂಡ್ರಿಯಾ’ ಎಂದು ಆರಂಭಿಸಬಹುದು. ಪೂರ್ತಿ ಹೆಸರಿದ್ದರೆ ಮನೆತನದ ಹೆಸರಿನಲ್ಲೇ ಮುಂದುವರಿಯಿರಿ.